ದೀಪ ಹತ್ತಿದರೆ ಪಾಸೇ? — ವೈರಿಂಗ್ ಪರೀಕ್ಷೆಯ ಅಂಕಪಟ್ಟಿಯನ್ನು ಕುರಿತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಹುಡುಗರು ಐ.ಟಿ.ಐ.ಯಲ್ಲಿ ಎರಡು ವರ್ಷ ಎಲೆಕ್ಟ್ರೀಷಿಯನ್ ಅಥವಾ ವೈರ್‌ಮನ್ ತರಬೇತಿ ಮುಗಿಸಿ ಬಂದ ಮೇಲೆ ಅವರ ಕೈಗೆ ಮೊದಲು ಸಿಗುವ ಕೆಲಸ ಯಾವುದು? ನೇಕಾರನ ಮನೆಯ ಮಗ್ಗದ ಕೋಣೆ, ಕಬ್ಬಿನ ಹೊಲದ ಪಂಪಿನ ಸ್ಟಾರ್ಟರ್ ಪೆಟ್ಟಿಗೆ, ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರು ಪುನರ್ವಸತಿ ಕೇಂದ್ರದಲ್ಲಿ ಕಟ್ಟಿಕೊಂಡ ಮನೆ. ಅಲ್ಲಿ ಅವರು ಎಳೆದ ತಂತಿಯನ್ನು ಎರಡನೆಯ ಸಲ ಯಾರೂ ನೋಡುವುದಿಲ್ಲ. ಗೋಡೆಯೊಳಗೆ ಹೋದುದು ಗೋಡೆಯೊಳಗೇ ಉಳಿಯುತ್ತದೆ. ಆದುದರಿಂದ ಈ ಹುಡುಗರು ಪಾಸಾದರೆಂದು ಯಾವ ಲೆಕ್ಕದ ಮೇಲೆ ಹೇಳುತ್ತಾರೆ ಎಂಬುದು ಮಾಸ್ತರರಿಗೂ ಪರೀಕ್ಷಕರಿಗೂ ಮಾತ್ರ ಸೇರಿದ ವಿಷಯವಲ್ಲ. ಮಗ್ಗದ ಮುಂದೆ ಕುಳಿತವರಿಗೂ ಸೇರಿದ್ದು.

ಲೆಕ್ಕ ಹೀಗಿದೆ. ಪ್ರಾಯೋಗಿಕ ಪರೀಕ್ಷೆಯಲ್ಲಿಯೂ ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನದಲ್ಲಿಯೂ ಪಾಸಾಗಲು ಶೇಕಡಾ 60 ಅಂಕ ಬೇಕು. ಉಳಿದ ವಿಷಯಗಳಿಗೆ ಶೇಕಡಾ 33 ಸಾಕು. ಕೈಕೆಲಸಕ್ಕೆ ಬರಹಕ್ಕಿಂತ ಹೆಚ್ಚು ಬೆಲೆ ಕೊಟ್ಟಿರುವುದು ಒಳ್ಳೆಯದೇ. ನಮ್ಮ ತಕರಾರು 60ರ ಮೇಲಲ್ಲ. ಆ 60 ಹೇಗೆ ಕೂಡಿ ಬರುತ್ತದೆ ಎಂಬುದರ ಮೇಲೆ.

ಒಂದು ಮಾದರಿ ಅಂಕಪಟ್ಟಿಯನ್ನು ತೆಗೆದುಕೊಳ್ಳೋಣ. ಇದು ಯಾವ ಸಂಸ್ಥೆಯ ಪಟ್ಟಿಯೂ ಅಲ್ಲ, ಲೆಕ್ಕ ತೋರಿಸಲು ನಾವು ಕಟ್ಟಿದ್ದು. ಹುಡುಗನಿಗೆ ಒಂದು ಹಲಗೆ ಕೊಟ್ಟಿದ್ದಾರೆ. ಅದರ ಮೇಲೆ ಮೇನ್ ಸ್ವಿಚ್ಚು, ಒಂದು ಆರ್.ಸಿ.ಸಿ.ಬಿ., ಎರಡು ಎಂ.ಸಿ.ಬಿ., ಒಂದು ಸ್ವಿಚ್ಚಿನ ಒಂದು ದೀಪ, ಮೆಟ್ಟಿಲಿನ ಕೆಳಗಿನಿಂದಲೂ ಮೇಲಿನಿಂದಲೂ ಹಚ್ಚಿ ಆರಿಸುವ ಇನ್ನೊಂದು ದೀಪ, ಮೂರು ಪಿನ್ನಿನ ಒಂದು ಸಾಕೆಟ್ಟು, ಇಷ್ಟನ್ನು ಪೈಪಿನಲ್ಲಿ ತಂತಿ ಎಳೆದು ಜೋಡಿಸಬೇಕು. ನಕ್ಷೆ ಮತ್ತು ಸಾಮಾನಿನ ಪಟ್ಟಿಗೆ 10 ಅಂಕ, ಪೈಪನ್ನು ನೇರವಾಗಿ ಬಿಗಿದುದಕ್ಕೆ 20, ತಂತಿಯ ಬಣ್ಣ ಮತ್ತು ಎಳೆತಕ್ಕೆ 15, ತುದಿ ಜೋಡಣೆಗೆ 15, ದೀಪ ಸರಿಯಾಗಿ ಹತ್ತಿ ಆರುವುದಕ್ಕೆ 20. ಫೇಸು ಸ್ವಿಚ್ಚಿನ ಮೂಲಕವೇ ಹೋಗಿದೆಯೆ ಎಂಬುದಕ್ಕೆ 5, ಅರ್ಥ್ ತಂತಿ ಕಡಿಯದೆ ಬಂದಿದೆಯೆ ಎಂಬುದಕ್ಕೆ 5, ಮೆಗ್ಗರ್ ಹಚ್ಚಿ ನೋಡುವುದಕ್ಕೆ 5, ಸಮಯ ಮತ್ತು ಚೊಕ್ಕತನಕ್ಕೆ 5. ಒಟ್ಟು ನೂರು.

ಕೈ ಚುರುಕಾದ ಒಬ್ಬ ಹುಡುಗ ಇದನ್ನು ಮಾಡುತ್ತಾನೆ. ನಕ್ಷೆಗೆ 9, ಪೈಪಿಗೆ 18, ತಂತಿಗೆ 13, ಜೋಡಣೆಗೆ 12. ಎರಡು ದೀಪಗಳೂ ಝಗ್ಗನೆ ಹತ್ತಿದುವು, 20ಕ್ಕೆ 20. ಆದರೆ ಸ್ವಿಚ್ಚನ್ನು ನ್ಯೂಟ್ರಲಿನಲ್ಲಿ ಹಾಕಿದ್ದಾನೆ, ಸೊನ್ನೆ. ಸಾಕೆಟ್ಟಿನ ಅರ್ಥ್ ತಂತಿ ತಿರುಪಿನ ಕೆಳಗೆ ಸಿಕ್ಕಿಲ್ಲ, ಸೊನ್ನೆ. ಮೆಗ್ಗರ್ ಹಚ್ಚಲೇ ಇಲ್ಲ, ಸೊನ್ನೆ. ಚೊಕ್ಕತನಕ್ಕೆ 4. ಕೂಡಿಸಿ ನೋಡಿ, 76 ಆಯಿತು. 60 ಬೇಕಾದಲ್ಲಿ 76 ಪಡೆದು ಈತ ಪಾಸಾದ. ಜೀವ ಉಳಿಸುವ ಮೂರು ವಿಷಯಗಳಲ್ಲಿ ಮೂರು ಸೊನ್ನೆ ಇಟ್ಟುಕೊಂಡು ಪ್ರಮಾಣಪತ್ರ ತಂದ. ನೇರವಾದ ಪೈಪು ಹಿಡಿಯದ ಅರ್ಥಿಗೆ ಸಾಲ ಕೊಟ್ಟಿತು!

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದೊಂದಿದೆ. ಈ ಮೂರು ತಪ್ಪುಗಳಲ್ಲಿ ಯಾವುದಿದ್ದರೂ ದೀಪ ಹತ್ತುತ್ತದೆ. ನೋಡಲು ಬಂದವರಿಗೆ ಏನೂ ಗೊತ್ತಾಗುವುದಿಲ್ಲ. ಓರೆಯಾದ ಪೈಪು ಯಾರ ಕಣ್ಣಿಗಾದರೂ ಬೀಳುತ್ತದೆ. ಮನೆಯವನೇ ಬೈದು ಸರಿಮಾಡಿಸಿಕೊಳ್ಳುತ್ತಾನೆ. ಕಣ್ಣಿಗೆ ಬೀಳದುದನ್ನು ಹಿಡಿಯುವುದಕ್ಕಾಗಿಯೇ ಪರೀಕ್ಷಕ ಬೇಕು. ಆದುದರಿಂದ ನಮ್ಮ ಸಲಹೆಯೆಂದರೆ ಈ ಮೂರನ್ನು ಅಂಕಗಳ ಕೂಡಿಕೆಯಿಂದ ಹೊರಗೆ ತೆಗೆಯಬೇಕು. ಅವು ಬಾಗಿಲುಗಳಾಗಬೇಕು. ಮೂರೂ ಬಾಗಿಲು ದಾಟಿದವನಿಗೆ ಮಾತ್ರ ಉಳಿದ ಅಂಕ ಎಣಿಸಬೇಕು. ಒಂದರಲ್ಲಿ ನಿಂತರೂ ಉಳಿದದ್ದೆಷ್ಟಿದ್ದರೂ ಅವನ ಹಲಗೆ ಆ ಹೊತ್ತಿಗೆ ಫೇಲು.

ಹೀಗೆಂದಾಗ ಪ್ರತಿಯೊಂದು ಬಾಗಿಲಿನಲ್ಲಿ ಏನನ್ನು ನೋಡಬೇಕು, ಎಷ್ಟು ಬಂದರೆ ಸರಿ ಎಂಬುದನ್ನು ಸ್ಪಷ್ಟವಾಗಿ ಬರೆದಿರಬೇಕು. "ಅರ್ಥಿಂಗ್ ಸರಿಯಿದೆ" ಎಂದು ಬರೆದು ಎದುರಿಗೆ ಗುರುತು ಹಾಕುವ ಪಟ್ಟಿ ಯಾವ ಪ್ರಯೋಜನಕ್ಕೂ ಬಾರದು.

ಮೊದಲು ಅರ್ಥ್. ಕರೆಂಟನ್ನು ಪೂರ್ತಿ ತೆಗೆದು, ಮೇನ್ ಬೋರ್ಡಿನ ಅರ್ಥ್ ಪಟ್ಟಿಯಿಂದ ಸಾಕೆಟ್ಟಿನ ಅರ್ಥ್ ತೂತಿನವರೆಗೆ ಮೀಟರಿನಿಂದ ಓಮ್ ಅಳೆಯಬೇಕು. ಅಳೆಯುವ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಅವುಗಳದೇ ಓಮ್ ಎಷ್ಟೆಂದು ನೋಡಿ ಕಳೆಯಬೇಕು. ಇಲ್ಲದಿದ್ದರೆ ಸಣ್ಣ ಅಳತೆಗೆ ಅರ್ಥವೇ ಉಳಿಯುವುದಿಲ್ಲ. ನಮ್ಮ ದೇಶದ ವೈರಿಂಗ್ ಸಂಹಿತೆಯಲ್ಲಿ ಬಹುಕಾಲದಿಂದ ಬಂದ ಮಿತಿ 1 ಓಮ್. ಅನೇಕರು ಈ ಮಿತಿಯನ್ನೇ ಪರೀಕ್ಷೆಯ ಪಟ್ಟಿಗೆ ತಂದು ಹಾಕುತ್ತಾರೆ. ಅದು ಸಾಲದು. ಆ ಮಿತಿ ಒಂದು ಇಡೀ ಕಟ್ಟಡಕ್ಕೆ ಹೇಳಿದ್ದು. ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರೊಂದಕ್ಕೆ 0.012 ಓಮ್ ಬರುತ್ತದೆ. ಪರೀಕ್ಷೆಯ ಹಲಗೆಯ ಮೇಲೆ ಇರುವುದು ಹೆಚ್ಚೆಂದರೆ 5 ಮೀಟರು ತಂತಿ, ಅಂದರೆ 0.06 ಓಮ್. ಅಲ್ಲಿ ಮೀಟರು 0.8 ತೋರಿಸಿದರೆ ಸಂಹಿತೆಯ ಮಿತಿಯೊಳಗೇ ಇದೆ, ಆದರೆ ಎಲ್ಲಿಯೋ ಒಂದು ತಿರುಪು ಸಡಿಲವಿದೆಯೆಂದು ಅದೇ ಅಳತೆ ಕೂಗಿ ಹೇಳುತ್ತಿದೆ. ಆದುದರಿಂದ ಹುಡುಗನೇ ತನ್ನ ತಂತಿಯ ಉದ್ದವನ್ನು ಅಳೆದು, ಬರಬೇಕಾದ ಓಮನ್ನು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಮೀಟರು ಹಚ್ಚಬೇಕು. ಜೋಡಣೆಗಳಿಗೆಂದು ಸ್ವಲ್ಪ ಬಿಟ್ಟುಕೊಟ್ಟು, 0.2 ಓಮಿನೊಳಗೆ ಬಂದರೆ ಆ ಹಲಗೆ ಪಾಸೆಂದು ನಾವು ಹೇಳುತ್ತೇವೆ.

ಈ ಅಳತೆಯ ಬದಲು ಟೆಸ್ಟ್ ಲ್ಯಾಂಪು ಹಚ್ಚಿ ತೋರಿಸುವ ರೂಢಿ ಕೆಲವೆಡೆ ಇದೆ. ಫೇಸಿಗೂ ಅರ್ಥಿಗೂ ಬಲ್ಬು ಹಚ್ಚಿದರೆ ಅದು ಉರಿಯುತ್ತದೆ, ಆದುದರಿಂದ ಅರ್ಥ್ ಸರಿ ಎನ್ನುತ್ತಾರೆ. ಆದರೆ 60 ವ್ಯಾಟಿನ ಬಲ್ಬಿಗೆ ಬೇಕಾದ ಕರೆಂಟು ಕಾಲು ಆಂಪಿಯರು. ಏಳೆಳೆಯ ತಂತಿಯಲ್ಲಿ ಆರೆಳೆ ಕಡಿದು ಒಂದೇ ಎಳೆ ಹಿಡಿದಿದ್ದರೂ ಅದು ಪೂರ್ತಿ ಉರಿಯುತ್ತದೆ. ಆರ್.ಸಿ.ಸಿ.ಬಿ.ಯ ಮೇಲಿನ ಗುಂಡಿ ಒತ್ತಿ, ಅದು ಟಪ್ಪೆಂದು ಬಿದ್ದರೆ ಅರ್ಥಿಂಗ್ ಸರಿ ಎಂದು ತಿಳಿಯುವವರೂ ಇದ್ದಾರೆ. ಆ ಗುಂಡಿ ತನ್ನೊಳಗಿನ ಸಣ್ಣ ದಾರಿಯೊಂದರಿಂದ ಕರೆಂಟು ಹರಿಸಿ ಯಂತ್ರ ಬೀಳುತ್ತದೆಯೆ ಎಂದು ನೋಡುತ್ತದೆ, ಅಷ್ಟೇ. ಅರ್ಥ್ ತಂತಿ ಪೂರ್ತಿ ಕಡಿದು ಬಿದ್ದಿದ್ದರೂ ಗುಂಡಿ ಒತ್ತಿದರೆ ಅದು ಬೀಳುತ್ತದೆ. ಗುಂಡಿಯ ಪರೀಕ್ಷೆ ಬೇಕು; ಆದರೆ ಅದು ಅರ್ಥಿನ ಪರೀಕ್ಷೆಯಲ್ಲ.

ನಮ್ಮ ಭಾಗಕ್ಕೆ ಈ ಬಾಗಿಲು ಏಕೆ ಮುಖ್ಯವೆಂದರೆ, ರಬಕವಿ-ಬನಹಟ್ಟಿಯ ಮಗ್ಗ ಕಬ್ಬಿಣದ್ದು. ಮೋಟರಿನೊಳಗಿನ ಸುರುಳಿ ಹಳತಾಗಿ ಮೈಗೆ ಕರೆಂಟು ಬಿಟ್ಟರೆ ಇಡೀ ಮಗ್ಗಕ್ಕೆ ಅದು ಬರುತ್ತದೆ. ನೇಕಾರನ ಕೈ ದಿನವಿಡೀ ಆ ಮಗ್ಗದ ಮೇಲೆಯೇ ಇರುತ್ತದೆ. ಅದೇ ಕೋಣೆಯಲ್ಲಿ ಹೆಂಗಸರು ಕಂಡಿಕೆ ಸುತ್ತುತ್ತಾರೆ, ಮಕ್ಕಳು ಓಡಾಡುತ್ತಾರೆ. ಮೂರು ಫೇಸಿನ ಮೋಟರಿನ ಮೈಗೆ ಬೇರೆ ಬೇರೆಯಾದ ಎರಡು ಅರ್ಥ್ ಜೋಡಣೆ ಇರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿಯೇ ಇತ್ತು. ಮುಂದೆ ಬಂದ 2010ರ ಸುರಕ್ಷತಾ ನಿಯಮಾವಳಿಯಲ್ಲಿಯೂ ಅದು ಉಳಿದು ಬಂತು. ಒಂದು ಸಡಿಲಾದರೆ ಇನ್ನೊಂದು ಕಾಯಲಿ ಎಂಬುದೇ ಇದರ ಉದ್ದೇಶ. ಮಗ್ಗ ದಿನವಿಡೀ ಅದುರುತ್ತಿರುತ್ತದೆ, ಅದುರಿದಲ್ಲಿ ತಿರುಪು ಸಡಿಲಾಗುತ್ತದೆ. ಒಂದೇ ತಂತಿಯನ್ನು ಕವಲು ಮಾಡಿ ಎರಡು ಕಡೆ ಮುಟ್ಟಿಸಿ "ಎರಡು ಅರ್ಥ್" ಎನ್ನುವ ಹುಡುಗನನ್ನು ಹಿಡಿಯುವುದು ಹೇಗೆ? ಒಂದನ್ನು ಮೋಟರಿನ ಕಡೆಯಿಂದಲ್ಲ, ಬೋರ್ಡಿನ ಕಡೆಯಿಂದ ಬಿಚ್ಚಿ ಅಳೆಯಿರಿ. ಎರಡನೆಯದು ತಾನೊಂದೇ ಅಳತೆ ಕೊಡಬೇಕು. ಆಮೇಲೆ ಅದನ್ನು ಬಿಚ್ಚಿ ಮೊದಲನೆಯದನ್ನು ನೋಡಬೇಕು. ಕವಲು ತಂತಿಯಾದರೆ ಬೋರ್ಡಿನ ಕಡೆ ಬಿಚ್ಚಲು ಸಿಗುವುದೇ ಒಂದು ತುದಿ.

ಎರಡನೆಯ ಬಾಗಿಲು ಫೇಸು. ಸ್ವಿಚ್ಚು ಇರಬೇಕಾದುದು ಫೇಸಿನ ದಾರಿಯಲ್ಲಿ. ನ್ಯೂಟ್ರಲಿನಲ್ಲಿ ಹಾಕಿದರೂ ದೀಪ ಹತ್ತುತ್ತದೆ, ಆರುತ್ತದೆ. ಆದರೆ ಆರಿದಾಗಲೂ ಹೋಲ್ಡರಿನಲ್ಲಿ 230 ವೋಲ್ಟು ಕಾದುಕೊಂಡಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂಬ ನಂಬಿಕೆಯಿಂದ ಬಲ್ಬು ಬದಲಿಸಲು ಕೈ ಹಾಕಿದವನ ಗತಿ ಹೇಳಬೇಕಾದುದಿಲ್ಲ. ಒಂದು ಸ್ವಿಚ್ಚಿನ ದೀಪದಲ್ಲಿ ಇದನ್ನು ಹಿಡಿಯುವುದು ಸುಲಭ. ಬಲ್ಬು ತೆಗೆದು, ಕರೆಂಟು ತೆಗೆದು, ಸ್ವಿಚ್ಚು ಆರಿಸಿ, ಎಂ.ಸಿ.ಬಿ.ಯ ಫೇಸು ತುದಿಯಿಂದ ಹೋಲ್ಡರಿನ ಎರಡು ಮೊಳೆಗಳಿಗೂ ಒಂದೊಂದಾಗಿ ಮೀಟರು ಹಚ್ಚಬೇಕು. ಯಾವುದಕ್ಕೂ ದಾರಿ ತೋರಿಸಬಾರದು. ಒಂದಕ್ಕೆ ತೋರಿಸಿದರೆ ಫೇಸು ನೇರವಾಗಿ ಹೋಲ್ಡರಿಗೆ ಹೋಗಿದೆ.

ಮೆಟ್ಟಿಲಿನ ದೀಪದಲ್ಲಿಯೇ ತೊಡಕು, ಪರೀಕ್ಷಕರೂ ಮೋಸ ಹೋಗುವುದು ಅಲ್ಲಿಯೇ. ಸರಿಯಾದ ರೀತಿಯಲ್ಲಿ ಫೇಸು ಒಂದು ಸ್ವಿಚ್ಚಿನ ನಡುವಿನ ತುದಿಗೆ ಬಂದು, ಎರಡು ತಂತಿಗಳಿಂದ ಇನ್ನೊಂದು ಸ್ವಿಚ್ಚಿಗೆ ದಾಟಿ, ಅದರ ನಡುವಿನಿಂದ ದೀಪಕ್ಕೆ ಹೋಗುತ್ತದೆ; ನ್ಯೂಟ್ರಲು ನೇರವಾಗಿ ದೀಪಕ್ಕೆ. ಆದರೆ ಎರಡೂ ಸ್ವಿಚ್ಚುಗಳ ಹತ್ತಿರ ಫೇಸು-ನ್ಯೂಟ್ರಲು ಎರಡೂ ಸಿಗುವಂತಿದ್ದರೆ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಪ್ರತಿ ಸ್ವಿಚ್ಚಿನ ಒಂದು ತುದಿಗೆ ಫೇಸು, ಇನ್ನೊಂದಕ್ಕೆ ನ್ಯೂಟ್ರಲು ಕೊಟ್ಟು, ಎರಡರ ನಡುವಿನ ತುದಿಗಳನ್ನು ದೀಪದ ಎರಡು ಕಡೆಗೆ ಒಯ್ಯುತ್ತಾರೆ. ಸ್ವಿಚ್ಚುಗಳ ನಡುವಿನ ತಂತಿ ಉಳಿಯುತ್ತದೆ. ದೀಪ ಕೆಳಗಿನಿಂದಲೂ ಮೇಲಿನಿಂದಲೂ ಹತ್ತಿ ಆರುತ್ತದೆ. ಆರುವುದು ಹೇಗೆಂದರೆ ಎರಡು ಕಡೆಯೂ ನ್ಯೂಟ್ರಲು ಬಂದಾಗ ಒಂದು ಸಲ, ಎರಡು ಕಡೆಯೂ ಫೇಸು ಬಂದಾಗ ಇನ್ನೊಂದು ಸಲ! ಮೊದಲನೆಯದು ಅಪಾಯವಿಲ್ಲ. ಎರಡನೆಯದರಲ್ಲಿ ದೀಪ ಆರಿದೆ, ಹೋಲ್ಡರಿನ ಎರಡು ಮೊಳೆಗಳಲ್ಲಿಯೂ ಫೇಸು ನಿಂತಿದೆ. ಪರೀಕ್ಷಕನು ಒಂದು ಸಲ ಆರಿಸಿ ನೋಡಿ ಮುಂದೆ ಹೋದರೆ, ಆ ಸಲ ಯಾವ ಸ್ಥಿತಿ ಬಂದಿತ್ತೋ ಅದರ ಮೇಲೆ ಹುಡುಗನ ಪಾಸು-ಫೇಲು ನಿಂತಂತಾಯಿತು. ಆದುದರಿಂದ ಮೆಟ್ಟಿಲಿನ ದೀಪವನ್ನು ಆರಿದ ಎರಡೂ ಸ್ಥಿತಿಗಳಲ್ಲಿ ಅಳೆಯಬೇಕೆಂದು ಪಟ್ಟಿಯಲ್ಲಿಯೇ ಬರೆದಿರಬೇಕು. ಎರಡರಲ್ಲಿಯೂ ಫೇಸಿನಿಂದ ಹೋಲ್ಡರಿಗೆ ದಾರಿ ಇರಬಾರದು. ಈ ಒಂದು ಸಾಲು ಇಲ್ಲದ ಪಟ್ಟಿಯನ್ನು ನಾವು ಪಟ್ಟಿಯೆಂದು ಒಪ್ಪುವುದಿಲ್ಲ.

ಸಾಕೆಟ್ಟಿನ ಮಾತು ಚಿಕ್ಕದು. ಎದುರಿಗೆ ನಿಂತು ನೋಡಿದಾಗ ಮೇಲೆ ಅರ್ಥ್, ಬಲಕ್ಕೆ ಫೇಸು, ಎಡಕ್ಕೆ ನ್ಯೂಟ್ರಲು. ಅಡ್ಡಾದಿಡ್ಡಿಯಾದರೆ ಫೇಲು.

ಮೂರನೆಯದು ಮೆಗ್ಗರ್. ತಂತಿಯ ಮೇಲಿನ ಹೊದಿಕೆ ಗಟ್ಟಿಯಾಗಿದೆಯೆ ಎಂದು 500 ವೋಲ್ಟು ಹಚ್ಚಿ ನೋಡುವ ಪರೀಕ್ಷೆಯಿದು. ಫೇಸು-ನ್ಯೂಟ್ರಲುಗಳನ್ನು ಕೂಡಿಸಿ ಅರ್ಥಿನೆದುರು ಒಮ್ಮೆ, ಫೇಸಿನೆದುರು ನ್ಯೂಟ್ರಲು ಇನ್ನೊಮ್ಮೆ. ಮಿತಿಯಾಗಿ 1 ಮೆಗಓಮ್ ಎಂಬುದನ್ನು ಎಲ್ಲರೂ ಬಲ್ಲರು. ಇಲ್ಲಿಯೂ ಮೊದಲಿನ ಮಾತೇ. ಆ ಮಿತಿ ಒಂದು ಇಡೀ ಮನೆಯ ವೈರಿಂಗಿಗೆ ಹೇಳಿದ ಕನಿಷ್ಠ ಅಳತೆ. ಒಣಗಿದ ಹಲಗೆಯ ಮೇಲೆ ಹೊಸ ಪಿ.ವಿ.ಸಿ. ತಂತಿ ಎಳೆದರೆ ನೂರಾರು ಮೆಗಓಮ್ ಬರಬೇಕು. ಅಲ್ಲಿ ಎರಡು-ಮೂರು ಮಾತ್ರ ಬಂದರೆ ಪೈಪಿನ ಬಾಯಿಯಲ್ಲಿ ತಂತಿ ತರಚಿದೆ, ಅಥವಾ ಪೆಟ್ಟಿಗೆಯೊಳಗೆ ಬರಿಯ ತಾಮ್ರ ಎಲ್ಲಿಯೋ ತಾಗುವಂತಿದೆ. ಬನಹಟ್ಟಿಯ ಮಗ್ಗದ ಕೋಣೆಯಲ್ಲಿ ಹತ್ತಿಯ ಎಳೆಗಳು ಹಾರಿ ಪೆಟ್ಟಿಗೆಯೊಳಗೆ ಸೇರುತ್ತವೆ, ಮಳೆಗಾಲದಲ್ಲಿ ಅವು ತಂಪು ಹಿಡಿಯುತ್ತವೆ. ಇಂದು ಹಲಗೆಯ ಮೇಲೆ ಮೂರು ತೋರಿಸಿದ್ದು ಅಲ್ಲಿ ಉಳಿಯುವುದಿಲ್ಲ.

ಹುಡುಗರು ಈ ಪರೀಕ್ಷೆಯನ್ನು ಮಾಡಿಯೂ ಮಾಡದಂತೆ ಆಗುವುದು ಎರಡು ಕಾರಣಗಳಿಂದ. ಸ್ವಿಚ್ಚುಗಳನ್ನು ಆರಿಸಿಟ್ಟು ಮೆಗ್ಗರ್ ಹಚ್ಚಿದರೆ ಸ್ವಿಚ್ಚಿನ ಆಚೆಯ ತಂತಿ ಪರೀಕ್ಷೆಗೆ ಬರುವುದೇ ಇಲ್ಲ; ಅಳತೆ ಬಹಳ ಚೆನ್ನಾಗಿ ಬರುತ್ತದೆ, ಏಕೆಂದರೆ ಅರ್ಧ ವೈರಿಂಗನ್ನು ಬಿಟ್ಟು ಅಳೆದಿದ್ದಾರೆ. ಇನ್ನೊಂದು, ಬಲ್ಬನ್ನು ಹೋಲ್ಡರಿನಲ್ಲಿಯೇ ಬಿಟ್ಟರೆ ಫೇಸು-ನ್ಯೂಟ್ರಲಿನ ನಡುವೆ ಸೊನ್ನೆಯ ಹತ್ತಿರ ತೋರಿಸಿ ಹುಡುಗ ಗಾಬರಿಯಾಗುತ್ತಾನೆ, ಎಲ್.ಇ.ಡಿ. ಬಲ್ಬಾದರೆ 500 ವೋಲ್ಟಿಗೆ ಅದು ಸುಟ್ಟೂ ಹೋದೀತು. ಬಲ್ಬು ತೆಗೆದು, ಸ್ವಿಚ್ಚು ಹಾಕಿ, ಮೆಟ್ಟಿಲಿನ ಸ್ವಿಚ್ಚುಗಳಾದರೆ ಒಂದನ್ನು ತಿರುಗಿಸಿ ಎರಡು ಸಲ ಅಳೆಯುವುದನ್ನು ಪರೀಕ್ಷಕ ನಿಂತು ನೋಡಬೇಕು. ಅಂಕಿಯನ್ನು ಹುಡುಗ ಬರೆಯಬೇಕು, ಪಕ್ಕದಲ್ಲಿ ಪರೀಕ್ಷಕ ಸಹಿ ಮಾಡಬೇಕು. ಸರಿ ಗುರುತು ಹಾಕಲು ನೋಡಲೇಬೇಕೆಂದಿಲ್ಲ. ಅಂಕಿ ಬರೆಯಬೇಕಾದರೆ ಮೀಟರು ಹಚ್ಚಲೇಬೇಕಾಗುತ್ತದೆ.

ನಮ್ಮ ಈ ಮಾತಿಗೆ ಬರುವ ಆಕ್ಷೇಪಣೆಗಳನ್ನು ಬಲ್ಲೆವು. ಸಾಮಾನಿಲ್ಲ, ಸಮಯವಿಲ್ಲ ಎನ್ನುತ್ತಾರೆ. ಲೆಕ್ಕ ಹಾಕೋಣ. ಎಲೆಕ್ಟ್ರೀಷಿಯನ್ ವಿಭಾಗದ ಒಂದು ತಂಡದಲ್ಲಿ 20 ಹುಡುಗರು. ಮೂರು ಬಾಗಿಲಿಗೆ ಕೂಡಿ ಒಬ್ಬನಿಗೆ 15 ನಿಮಿಷ ಹಿಡಿದರೂ 5 ತಾಸಾಯಿತು. ಒಂದೇ ಮೆಗ್ಗರ್, ಒಂದೇ ಮೀಟರು ಇದ್ದರೂ ಒಂದು ದಿನದ ಕೆಲಸ. ಎರಡು ವರ್ಷದ ತರಬೇತಿಯಲ್ಲಿ ಒಂದು ದಿನ ಸಿಗುವುದಿಲ್ಲವೆಂದರೆ ನಂಬುವವರಾರು?

ಇನ್ನೊಂದು ಆಕ್ಷೇಪಣೆ ನಮ್ಮವರಿಂದಲೇ ಬರುತ್ತದೆ, ಅದಕ್ಕೆ ತೂಕವಿದೆ. ಐ.ಟಿ.ಐ.ಗೆ ಬರುವವರು ನೇಕಾರರ, ಕೂಲಿಕಾರರ ಮಕ್ಕಳು. ಬಾಗಿಲು ಹಾಕಿ ಅವರನ್ನು ಫೇಲು ಮಾಡಿಸುತ್ತೀರಾ ಎನ್ನುತ್ತಾರೆ. ಮಗ್ಗದ ಮೇಲೆ ಕೈ ಇಟ್ಟು ಕುಳಿತವನೂ ಅದೇ ಮನೆಯವನು ಎಂಬುದು ನಮ್ಮ ಮೊದಲ ಉತ್ತರ. ಎರಡನೆಯದು, ಬಾಗಿಲಿನಲ್ಲಿ ನಿಂತ ಹುಡುಗನನ್ನು ಮನೆಗೆ ಕಳಿಸಬೇಕೆಂದು ನಾವು ಹೇಳುತ್ತಿಲ್ಲ. ಯಾವ ಪರೀಕ್ಷೆಯಲ್ಲಿ ನಿಂತನೆಂದು ಮಾತ್ರ ಅವನಿಗೆ ಹೇಳಲಿ, ತಪ್ಪು ಎಲ್ಲಿದೆಯೆಂದು ಹೇಳಬಾರದು. ಅರ್ಧ ತಾಸು ಕೊಡಲಿ. ಆ ಅರ್ಧ ತಾಸಿನಲ್ಲಿ ತಾನೇ ಹುಡುಕಿ ಸರಿಪಡಿಸಿ ಮತ್ತೆ ಅಳತೆ ತೋರಿಸಿದರೆ ಬಾಗಿಲು ದಾಟಿದನೆಂದು ತಿಳಿದು 60ಕ್ಕೆ ಮೀರದಂತೆ ಅಂಕ ಕೊಡಲಿ. ತಾನು ಮಾಡಿದ ತಪ್ಪನ್ನು ತಾನೇ ಮೀಟರಿನಿಂದ ಹುಡುಕಿದವನು, ಮೊದಲ ಸಲವೇ ಅದೃಷ್ಟದಿಂದ ಸರಿಯಾದವನಿಗಿಂತ ಹೆಚ್ಚು ಕಲಿತಿದ್ದಾನೆ. ಹುಡುಕಲಾರದವನು ಇನ್ನಷ್ಟು ದಿನ ಹಲಗೆಯ ಮುಂದೆ ಕುಳಿತು ಮತ್ತೆ ಬರಲಿ.

ಕೊನೆಯ ಪರೀಕ್ಷೆಯ ಪಟ್ಟಿ ದಿಲ್ಲಿಯಿಂದ ಬರುತ್ತದೆ, ನಾವೇನು ಮಾಡಲು ಬರುತ್ತದೆ ಎಂದು ಕೇಳುವ ಶಿಕ್ಷಕ ಮಿತ್ರರಿದ್ದಾರೆ. ಅಖಿಲ ಭಾರತ ಪರೀಕ್ಷೆಯನ್ನು ಇಲ್ಲಿ ಕುಳಿತು ತಿದ್ದಲಾಗದು, ನಿಜ. ಆದರೆ ಆಂತರಿಕ ಮೌಲ್ಯಮಾಪನ ಅವರ ಕೈಯಲ್ಲಿಯೇ ಇದೆ. ಅದರಲ್ಲಿಯೂ ಶೇಕಡಾ 60 ಬೇಕೇ ಬೇಕು. ಅದರ ದಾಖಲೆ ಇಟ್ಟುಕೊಳ್ಳಬೇಕೆಂದು ಪಠ್ಯಕ್ರಮದಲ್ಲಿಯೇ ಹೇಳಿದೆ. ವೈರಿಂಗ್ ಹಲಗೆಯ ಮೌಲ್ಯಮಾಪನ ಬಂದ ದಿನ ಈ ಮೂರು ಅಳತೆಗಳ ಒಂದು ಹಾಳೆಯನ್ನು ಆ ದಾಖಲೆಗೆ ಸೇರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಾಳೆಯಲ್ಲಿ ಹುಡುಗನ ಹೆಸರು, ತಂತಿಯ ಉದ್ದ, ಬರಬೇಕಾದ ಓಮ್, ಬಂದ ಓಮ್, ದೀಪ ಆರಿದ ಎರಡು ಸ್ಥಿತಿಗಳಲ್ಲಿ ಹೋಲ್ಡರಿನ ಅಳತೆ, ಮೆಗ್ಗರಿನ ಅಂಕಿಗಳು, ಎರಡು ಸಹಿ. ಅದರ ಒಂದು ಪ್ರತಿಯನ್ನು ಹುಡುಗನಿಗೂ ಕೊಡಲಿ. ಮುಂದೆ ಅವನು ಬನಹಟ್ಟಿಯಲ್ಲಿ ಮಗ್ಗದ ಕೋಣೆಗೆ ತಂತಿ ಎಳೆಯಲು ಹೋದಾಗ ಮನೆಯವನು ಅಂಥದೇ ಒಂದು ಹಾಳೆಯನ್ನು ತನ್ನ ಮನೆಗೂ ಬರೆದುಕೊಡೆಂದು ಕೇಳಬಹುದು.